ಸಮಾಸದಲ್ಲಿ ಮರೆಯಾದ ಪದ: ಸಂಸ್ಕೃತಮೂಲದ ಸಮಾಸಗಳ ಇಂಗ್ಲಿಷ್ ಅನುವಾದದಲ್ಲಿ ವಿವರಣೆಯ ಪ್ರಮಾಣ

1. ಪ್ರಶ್ನೆ

ಕನ್ನಡ ಗದ್ಯವನ್ನು ಇಂಗ್ಲಿಷಿಗೆ ಅನುವಾದಿಸುವವರಿಗೆ ಸಂಸ್ಕೃತಮೂಲದ ದೀರ್ಘ ಸಮಾಸಗಳು ಎರಡು ಪ್ರಶ್ನೆಗಳನ್ನು ಒಡ್ಡುತ್ತವೆ. ಸಮಾಸಕ್ಕೆ ಸಮಾನವಾದ ಇಂಗ್ಲಿಷ್ ಪದ ಯಾವುದು ಎಂಬುದು ಮೊದಲನೆಯದು. ಆ ಪದದ ಜೊತೆಗೆ ಓದುಗನಿಗೆ ಇನ್ನೆಷ್ಟನ್ನು ಹೇಳಬೇಕು ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ನಿಘಂಟುಗಳು ಒಂದು ಹಂತದವರೆಗೆ ಉತ್ತರ ಕೊಡುತ್ತವೆ. ಎರಡನೆಯದನ್ನು ಸಾಮಾನ್ಯವಾಗಿ ಅನುವಾದಕನ ಅಭಿರುಚಿಗೆ ಬಿಡಲಾಗುತ್ತದೆ. ಅಭಿರುಚಿಗೆ ಬಿಟ್ಟಾಗ ಎರಡು ಅಭ್ಯಾಸಗಳು ಬೆಳೆಯುವುದನ್ನು ನಾವು ಕಂಡಿದ್ದೇವೆ. ಪದ ಉದ್ದವಾಗಿದ್ದರೆ ವಿವರಣೆಯೂ ಉದ್ದವಾಗುತ್ತದೆ. ಪದಕ್ಕೆ ಧಾರ್ಮಿಕ ವಾಸನೆಯಿದ್ದರೆ ಅಡಿಟಿಪ್ಪಣಿ ತಾನಾಗಿ ಬಂದು ಸೇರುತ್ತದೆ.

ಈ ಎರಡು ಅಭ್ಯಾಸಗಳಿಗೂ ಭಾಷಿಕ ಆಧಾರವಿಲ್ಲವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿವರಣೆಯ ಪ್ರಮಾಣವನ್ನು ನಿರ್ಧರಿಸುವ ಸಂಗತಿಗಳು ಎರಡೇ ಎಂಬುದು ನಮ್ಮ ವಾದ: ಸಮಾಸವಾಗುವಾಗ ಯಾವ ಪದ ಅಥವಾ ಯಾವ ಸಂಬಂಧ ಮರೆಯಾಯಿತು ಎಂಬುದು, ಮತ್ತು ಮುಂದಿನ ವಾಕ್ಯ ಆ ಮರೆಯಾದುದನ್ನು ಆಧರಿಸಿ ನಿಂತಿದೆಯೇ ಎಂಬುದು. ಇದನ್ನು ಒಂದು ಚಿಕ್ಕ ಗದ್ಯಭಾಗದ ಅನುವಾದವನ್ನು ಹಂತಹಂತವಾಗಿ ನಡೆಸಿ ಪರಿಶೀಲಿಸುತ್ತೇವೆ.

2. ವಿಸ್ತರಣೆ ಮತ್ತು ವಿವರಣೆ

ಸಮಾಸವಾಗುವಾಗ ಆಗುವ ಮುಖ್ಯ ನಷ್ಟ ವಿಭಕ್ತಿಯದು. ಪೂರ್ವಪದದ ವಿಭಕ್ತಿಪ್ರತ್ಯಯ ಲೋಪವಾಗುತ್ತದೆಂದು ಅಷ್ಟಾಧ್ಯಾಯಿಯ 2.4.71ನೆಯ ಸೂತ್ರ ವಿಧಿಸುತ್ತದೆ. ಪ್ರತ್ಯಯದೊಡನೆ ಎರಡು ಮಾಹಿತಿಗಳು ಒಟ್ಟಿಗೆ ಹೋಗುತ್ತವೆ: ಪದಗಳ ನಡುವಣ ಕಾರಕಸಂಬಂಧ ಮತ್ತು ಪೂರ್ವಪದದ ವಚನ. ಮೂರು ಅಥವಾ ಹೆಚ್ಚು ಪದಗಳ ಸಮಾಸದಲ್ಲಿ ಮೂರನೆಯ ನಷ್ಟವೊಂದು ಸೇರುತ್ತದೆ. ಯಾವ ಪದ ಯಾವುದರೊಡನೆ ಮೊದಲು ಕೂಡಿತೆಂಬುದು ಕಾಣಿಸುವುದಿಲ್ಲ. 'ಪ್ರಾಚೀನಕಾವ್ಯಮೀಮಾಂಸೆ' ಎಂಬಲ್ಲಿ ಪ್ರಾಚೀನವಾದುದು ಕಾವ್ಯವೋ ಮೀಮಾಂಸೆಯೋ ಎಂದು ಸಮಾಸ ಹೇಳುವುದಿಲ್ಲ. ಇಂಗ್ಲಿಷ್ ಅನುವಾದಕನಾದರೋ ಹೇಳದೆ ಮುಂದೆ ಹೋಗುವುದು ಕಷ್ಟ.

ಈ ನಷ್ಟವನ್ನು ತುಂಬಿಕೊಳ್ಳಲು ನಮ್ಮ ಪರಂಪರೆಯಲ್ಲಿರುವ ಉಪಕರಣ ವಿಗ್ರಹವಾಕ್ಯ. ವಿಗ್ರಹದಲ್ಲಿ ವೈಯಾಕರಣರು ಎರಡು ಬಗೆಗಳನ್ನು ಗುರುತಿಸಿದ್ದಾರೆ. ಸಮಾಸದಲ್ಲಿರುವ ಪದಗಳನ್ನೇ ಬಳಸಿ ವಿಗ್ರಹ ಮಾಡಲು ಬಂದರೆ ಅದು ಸ್ವಪದವಿಗ್ರಹ. 'ರಾಜಪುತ್ರ' ಎಂಬುದನ್ನು 'ರಾಜನ ಪುತ್ರ' ಎಂದು ಬಿಡಿಸಿದರೆ ಕೆಲಸ ಮುಗಿಯುತ್ತದೆ. 'ಯಥಾಶಕ್ತಿ' ಎಂಬುದನ್ನು ಹೀಗೆ ಬಿಡಿಸಲು ಬರುವುದಿಲ್ಲ. 'ಶಕ್ತಿಯನ್ನು ಮೀರದಂತೆ' ಎಂದು ಹೊರಗಿನ ಪದವೊಂದನ್ನು ತಂದೇ ಹೇಳಬೇಕು. ಇದು ಅಸ್ವಪದವಿಗ್ರಹ. ವ್ಯಾಕರಣದಲ್ಲಿ ಇದು ನಿತ್ಯಸಮಾಸಗಳಿಗೆ ಸಂಬಂಧಿಸಿದ ಪರಿಭಾಷೆ. ನಾವು ಇದನ್ನು ತುಸು ವಿಸ್ತಾರವಾದ ಅರ್ಥದಲ್ಲಿ, ಹೊರಗಿನ ಪದವಿಲ್ಲದೆ ಅರ್ಥ ಪೂರ್ಣವಾಗದ ಎಲ್ಲ ಸಮಾಸಗಳಿಗೂ ಅನ್ವಯಿಸುತ್ತಿದ್ದೇವೆ. ಲುಪ್ತವಾದ ನಡುಪದವನ್ನು ಊಹಿಸಬೇಕಾದ ಮಧ್ಯಮಪದಲೋಪಿಗಳೂ ಈ ಅರ್ಥದಲ್ಲಿ ಇಲ್ಲಿ ಸೇರುತ್ತವೆ.

ಈ ಭೇದವನ್ನು ಅನುವಾದಕ್ಕೆ ತಂದಾಗ ಎರಡು ಬೇರೆ ಬೇರೆ ಕ್ರಿಯೆಗಳು ದೊರೆಯುತ್ತವೆ. ಸಮಾಸದ ಪದಗಳನ್ನೇ ಬಿಡಿಸಿ ಇಂಗ್ಲಿಷ್ ವಾಕ್ಯದಲ್ಲಿ ಹರಡುವುದನ್ನು ನಾವು ವಿಸ್ತರಣೆ ಎಂದು ಕರೆಯುತ್ತೇವೆ. ಸಮಾಸದಲ್ಲಿಲ್ಲದ ಪದವನ್ನು ಹೊರಗಿನಿಂದ ತರುವುದನ್ನು ವಿವರಣೆ ಎನ್ನುತ್ತೇವೆ. ವಿಸ್ತರಣೆಯಿಂದ ಇಂಗ್ಲಿಷ್ ವಾಕ್ಯ ಉದ್ದವಾಗಬಹುದು, ಆದರೆ ಮೂಲದಲ್ಲಿಲ್ಲದ ಯಾವುದೂ ಸೇರುವುದಿಲ್ಲ. ವಿವರಣೆಗೆ ಮಾತ್ರ ಸಮರ್ಥನೆ ಬೇಕು. ಪದದ ಉದ್ದ ವಿಸ್ತರಣೆಯ ಪ್ರಮಾಣವನ್ನು ಹೆಚ್ಚಿಸುತ್ತದೆ. ವಿವರಣೆಯ ಪ್ರಮಾಣಕ್ಕೂ ಅದಕ್ಕೂ ಸಂಬಂಧವಿಲ್ಲ.

3. ಒಂದು ಗದ್ಯಭಾಗ

ಪರಿಶೀಲನೆಗಾಗಿ, ಕಳೆದ ಶತಮಾನದ ಪೂರ್ವಾರ್ಧದ ಕಾದಂಬರಿಗದ್ಯದ ಧಾಟಿಯಲ್ಲಿ ನಾವೇ ರಚಿಸಿದ ಈ ಭಾಗವನ್ನು ನೋಡಬಹುದು:

ಸೂರ್ಯಾಸ್ತಸಮಯಕ್ಕೆ, ಗೋಮುಖವ್ಯಾಘ್ರನೆಂದು ಊರೆಲ್ಲ ಕರೆಯುತ್ತಿದ್ದ ಸಾಹುಕಾರನ ಗುಮಾಸ್ತೆ ಬಂದು ಕಾಗದವೊಂದನ್ನು ಕೊಟ್ಟು ಹೋದನು. ರಾಮಯ್ಯನು ಕಿಂಕರ್ತವ್ಯವಿಮೂಢನಾಗಿ ಜಗಲಿಯ ಮೇಲೆ ಕುಳಿತನು. "ಪಿತೃಋಣವಿಮೋಚನೆಗೆ ಗದ್ದೆಯನ್ನೇ ಮಾರಬೇಕೆ?" ಎಂದು ಹೆಂಡತಿ ಒಳಗಿನಿಂದಲೇ ಕೇಳಿದಳು. "ಗದ್ದೆ ಮಾರಿದರೆ ಒಂದು ತೀರುತ್ತದೆ. ಇನ್ನೊಂದು ತೀರಬೇಕಾದರೆ ಈ ಮನೆಯಲ್ಲಿ ಮಗು ಅಳಬೇಕು" ಎಂದನು ರಾಮಯ್ಯ. ಒಳಗಿನಿಂದ ಮತ್ತೆ ಮಾತು ಬರಲಿಲ್ಲ.

ಇಲ್ಲಿ ನಾಲ್ಕು ಸಮಾಸಗಳಿವೆ. ಸೂರ್ಯಾಸ್ತಸಮಯ ಆರು ಅಕ್ಷರಗಳದ್ದು, ಗೋಮುಖವ್ಯಾಘ್ರ ಐದು, ಕಿಂಕರ್ತವ್ಯವಿಮೂಢ ಏಳು, ಪಿತೃಋಣವಿಮೋಚನೆ ಎಂಟು. ಒಂದೊಂದರ ವಿಗ್ರಹವನ್ನೂ ಬರೆದು ನೋಡಿದರೆ ಅವುಗಳ ಬೇಡಿಕೆ ಎಷ್ಟು ಭಿನ್ನವಾಗಿದೆ ಎಂಬುದು ತಿಳಿಯುತ್ತದೆ.

'ಸೂರ್ಯಾಸ್ತಸಮಯ' ಎಂದರೆ ಸೂರ್ಯನ ಅಸ್ತದ ಸಮಯ. ಹೊರಗಿನ ಪದ ಯಾವುದೂ ಬೇಕಿಲ್ಲ. ಇಂಗ್ಲಿಷಿನ 'ಸನ್‌ಸೆಟ್' ಇದನ್ನು ಪೂರ್ತಿಯಾಗಿ ಹೊರುತ್ತದೆ. 'ಸಮಯ' ಎಂಬ ಉತ್ತರಪದವನ್ನು ಬೇರೆಯಾಗಿ ಅನುವಾದಿಸುವ ಅಗತ್ಯವೂ ಇಲ್ಲ. 'ಅಟ್' ಎಂಬ ಉಪಸರ್ಗ ಆ ಕೆಲಸವನ್ನು ಮಾಡುತ್ತದೆ.

'ಕಿಂಕರ್ತವ್ಯವಿಮೂಢ' ರಚನೆಯ ದೃಷ್ಟಿಯಿಂದ ನಾಲ್ಕರಲ್ಲಿ ವಿಚಿತ್ರವಾದುದು. ಅದರೊಳಗೆ 'ಏನು ಮಾಡತಕ್ಕದ್ದು' ಎಂಬ ಪ್ರಶ್ನಾವಾಕ್ಯವೇ ಅಡಗಿದೆ. ಆ ಪ್ರಶ್ನೆಯ ಮುಂದೆ ದಿಕ್ಕುತೋಚದವನು ವಿಮೂಢ. ಪದ ಕಣ್ಣಿಗೆ ಭಾರವಾಗಿ ಕಾಣುವುದರಿಂದ, ಇದಕ್ಕೆ ಧರ್ಮಸಂಕಟ, ಕರ್ತವ್ಯನಿಷ್ಠೆ ಮೊದಲಾದ ಪರಿಕಲ್ಪನೆಗಳನ್ನು ತಂದು ಜೋಡಿಸುವ ಆಸೆ ಅನುವಾದಕನಿಗೆ ಹುಟ್ಟಬಹುದು. 'ಕರ್ತವ್ಯ' ಎಂಬ ರೂಪವನ್ನು ಇಂದಿನ ಕನ್ನಡದ 'ಡ್ಯೂಟಿ' ಎಂಬ ಅರ್ಥದಲ್ಲಿ ಓದುವುದೇ ಈ ಪ್ರಮಾದದ ಮೂಲ. ಇಲ್ಲಿ ಅದು ಕೇವಲ ತವ್ಯಪ್ರತ್ಯಯಾಂತ ಕೃದಂತ: ಮಾಡತಕ್ಕದ್ದು. ಆದ್ದರಿಂದ 'ನಾಟ್ ನೋಯಿಂಗ್ ವಾಟ್ ಟು ಡು' ಎಂಬ ಸರಳ ವಿಸ್ತರಣೆ ಸಾಕು. ನಷ್ಟವಾಗುವುದು ಪದದ ಗಾಂಭೀರ್ಯ ಮಾತ್ರ. ಅದು ಶೈಲಿಯ ಪ್ರಶ್ನೆ. ಅದನ್ನು ವಿವರಣೆಯಿಂದ ತುಂಬಲಾಗದು.

'ಗೋಮುಖವ್ಯಾಘ್ರ' ಎಂಬಲ್ಲಿ ಹೊರಗಿನ ಪದ ಬೇಕಾಗುತ್ತದೆ: ಗೋವಿನ ಮುಖದಂತಹ ಮುಖವುಳ್ಳ ವ್ಯಾಘ್ರ. 'ಅಂತಹ' ಎಂಬ ಹೋಲಿಕೆ ಮತ್ತು 'ಉಳ್ಳ' ಎಂಬ ಸಂಬಂಧ ಎರಡೂ ಸಮಾಸದಲ್ಲಿ ಕಾಣುವುದಿಲ್ಲ. ಆದರೆ ಇಂಗ್ಲಿಷ್ ಓದುಗ ಇವೆರಡನ್ನೂ 'ಕೌ-ಫೇಸ್ಡ್ ಟೈಗರ್' ಎಂಬ ರೂಪದಿಂದಲೇ ಪಡೆಯುತ್ತಾನೆ, ಏಕೆಂದರೆ ಅಂತಹ ವಿಶೇಷಣರಚನೆ ಇಂಗ್ಲಿಷಿನಲ್ಲೂ ಇದೆ. ಮುಖ ಸಾಧು, ಒಡಲು ಕ್ರೂರ ಎಂಬ ಭಾವ ಚಿತ್ರದಿಂದಲೇ ಹೊಮ್ಮುತ್ತದೆ. ಇದರ ಬದಲಿಗೆ ಕುರಿಯ ತೊಗಲು ಹೊದ್ದ ತೋಳದ ಇಂಗ್ಲಿಷ್ ನುಡಿಗಟ್ಟನ್ನು ಬಳಸಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಆ ನುಡಿಗಟ್ಟು ಮತ್ತಾಯನ ಸುವಾರ್ತೆಯ ಸುಳ್ಳು ಪ್ರವಾದಿಗಳ ಪ್ರಸಂಗದಿಂದ ಬಂದದ್ದು. ಮಲೆನಾಡಿನ ಊರಿನವರು ಸಾಹುಕಾರನಿಗೆ ಇಟ್ಟ ಅಡ್ಡಹೆಸರಾಗಿ ಅದು ಹೊಂದುವುದಿಲ್ಲ. ಆ ಊರಿನವರು ಹಸುವನ್ನೂ ಹುಲಿಯನ್ನೂ ಬಲ್ಲವರು. ಅರ್ಥ ಒಂದೇ ಆದರೂ ಮಾತಾಡುವವರು ಬದಲಾಗುತ್ತಾರೆ. ಸಂಸ್ಕೃತಿವಿಶಿಷ್ಟವಾಗಿದ್ದೂ ವಿವರಣೆ ಬೇಡದ ಸಮಾಸಕ್ಕೆ ಇದು ಒಳ್ಳೆಯ ನಿದರ್ಶನ.

4. ಪಿತೃಋಣದ ಎರಡು ವಿಗ್ರಹಗಳು

ನಾಲ್ಕನೆಯ ಸಮಾಸದ ಕೊನೆಯ ಭಾಗ ಸುಲಭ: ಋಣದಿಂದ ವಿಮೋಚನೆ, ಪಂಚಮೀ ತತ್ಪುರುಷ. ತೊಡಕಿರುವುದು 'ಪಿತೃಋಣ' ಎಂಬ ನಾಲ್ಕೇ ಅಕ್ಷರಗಳಲ್ಲಿ. ಸಂಸ್ಕೃತದ ನಿಯಮದಂತೆ ಇಲ್ಲಿ ಸವರ್ಣದೀರ್ಘ ಆಗಬೇಕಿತ್ತು. ಕನ್ನಡದ ರೂಢಿ ಸಂಧಿ ಮಾಡದೆ ಎರಡು ಪದಗಳನ್ನೂ ಕಣ್ಣಿಗೆ ಕಾಣುವಂತೆ ಉಳಿಸಿಕೊಂಡಿದೆ. ಹಾಗಿದ್ದರೂ ಅವುಗಳ ನಡುವಣ ಸಂಬಂಧ ಕಾಣುವುದಿಲ್ಲ.

ಮೊದಲ ವಿಗ್ರಹ 'ತಂದೆಯ ಋಣ'. ಪೂರ್ವಪದ ಏಕವಚನ, ಷಷ್ಠೀ ವಿಭಕ್ತಿ. ತಂದೆ ಮಾಡಿಟ್ಟ ಸಾಲ ಎಂದರ್ಥ. ಎರಡನೆಯ ವಿಗ್ರಹ 'ಪಿತೃಗಳಿಗೆ ಸಲ್ಲಬೇಕಾದ ಋಣ'. ಪೂರ್ವಪದ ಬಹುವಚನ, ಚತುರ್ಥಿಯ ಸಂಬಂಧ. 'ಸಲ್ಲಬೇಕಾದ' ಎಂಬುದು ಹೊರಗಿನ ಪದ. ಇದರ ಹಿಂದೆ ಒಂದು ಹಳೆಯ ಪರಿಕಲ್ಪನೆಯಿದೆ. ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆ, ಬ್ರಹ್ಮಚರ್ಯದಿಂದ ಋಷಿಗಳದ್ದನ್ನೂ ಯಜ್ಞದಿಂದ ದೇವತೆಗಳದ್ದನ್ನೂ ಸಂತಾನದಿಂದ ಪಿತೃಗಳದ್ದನ್ನೂ ತೀರಿಸುತ್ತಾನೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಮೊದಲ ವಿಗ್ರಹದಲ್ಲಿ ತಂದೆ ಸಾಲಗಾರ. ಎರಡನೆಯದರಲ್ಲಿ ಪಿತೃಗಳೇ ಸಾಲ ಕೊಟ್ಟವರು. ಒಂದೇ ಸಮಾಸದಲ್ಲಿ ಪೂರ್ವಪದದ ಪಾತ್ರ ತಲೆಕೆಳಗಾಗುತ್ತದೆ.

ನಮ್ಮ ಗದ್ಯಭಾಗದಲ್ಲಿ ಹೆಂಡತಿ ಮೊದಲ ಅರ್ಥದಲ್ಲಿ ಕೇಳುತ್ತಾಳೆ. ಸಾಹುಕಾರನ ಕಾಗದ, ಗದ್ದೆಯ ಮಾತು ಎರಡೂ ಅದನ್ನು ಖಚಿತಪಡಿಸುತ್ತವೆ. ರಾಮಯ್ಯನ ಉತ್ತರ ಎರಡನೆಯ ವಿಗ್ರಹವನ್ನು ಹೊರಗೆಳೆಯುತ್ತದೆ. ಮಕ್ಕಳಿಲ್ಲದ ಮನೆಯಲ್ಲಿ ಆ ಮಾತು ಹೆಂಡತಿಯನ್ನು ಎಲ್ಲಿ ಮುಟ್ಟಿತೆಂಬುದನ್ನು ಕೊನೆಯ ವಾಕ್ಯದ ಮೌನ ಹೇಳುತ್ತದೆ. ಆದ್ದರಿಂದ ಓದುಗನಿಗೆ ಎರಡನೆಯ ಅರ್ಥ ತಲುಪಬೇಕಾದ ಗಡುವು ಸ್ಪಷ್ಟವಾಗಿದೆ: ಮೌನ ಬರುವುದಕ್ಕೆ ಮುಂಚೆ. ಈ ಗಡುವನ್ನು ಮುಂದಿಟ್ಟುಕೊಂಡು ಬೇರೆ ಬೇರೆ ಅನುವಾದಗಳನ್ನು ಪರೀಕ್ಷಿಸಬಹುದು.

'ಫಾದರ್ಸ್ ಡೆಟ್' ಎಂದು ಏಕವಚನದಲ್ಲಿ ಅನುವಾದಿಸಿದರೆ ಹೆಂಡತಿಯ ಪ್ರಶ್ನೆ ಸರಿಯಾಗುತ್ತದೆ, ಗಂಡನ ಉತ್ತರ ಅಸಂಬದ್ಧವಾಗುತ್ತದೆ. ಸಾಲ ತೀರಲು ಮಗು ಏಕೆ ಅಳಬೇಕು ಎಂಬುದು ಇಂಗ್ಲಿಷ್ ಓದುಗನಿಗೆ ತಿಳಿಯದು. 'ಡೆಟ್ ಟು ದಿ ಆನ್ಸೆಸ್ಟರ್ಸ್' ಎಂದರೆ ತೊಂದರೆ ಹಿಂದುಮುಂದಾಗುತ್ತದೆ. ಪೂರ್ವಿಕರ ಋಣಕ್ಕಾಗಿ ಸಾಹುಕಾರನಿಗೆ ಗದ್ದೆ ಮಾರುವುದೇಕೆಂದು ಅವನು ತಬ್ಬಿಬ್ಬಾಗುತ್ತಾನೆ.

ಪದವನ್ನು ಹಾಗೆಯೇ ಉಳಿಸಿ ಅಡಿಟಿಪ್ಪಣಿಯಲ್ಲಿ ಋಣತ್ರಯವನ್ನು ವಿವರಿಸುವುದು ಮೂರನೆಯ ಮಾರ್ಗ. ಮಾಹಿತಿಯ ದೃಷ್ಟಿಯಿಂದ ಇದು ನಿರ್ದುಷ್ಟ. ಆದರೆ ಇದರಲ್ಲಿ ಎರಡು ದೋಷಗಳಿವೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಓದುಗನ ಕಣ್ಣು ಪುಟದ ಬುಡಕ್ಕೆ ಹೋಗಿ ಬರಬೇಕಾಗುತ್ತದೆ. ಉತ್ತರದಲ್ಲಿ ಹೊರಬರಬೇಕಾದ ಅರ್ಥ ಅದಕ್ಕಿಂತ ಮೊದಲೇ ಟಿಪ್ಪಣಿಯಲ್ಲಿ ಬಯಲಾಗುತ್ತದೆ. ಜೊತೆಗೆ, ಓರೆ ಅಚ್ಚಿನಲ್ಲಿ ಉಳಿಸಿದ ಪದ ಪಾರಿಭಾಷಿಕವೆಂಬಂತೆ ಕಾಣುತ್ತದೆ. ಹೆಂಡತಿಗಾದರೋ ಅದು ಮನೆಮಾತು.

ನಾಲ್ಕನೆಯ ಮಾರ್ಗ ವಿವರಣೆಯನ್ನು ಸಂಭಾಷಣೆಯೊಳಗೆ ಸೇರಿಸುವುದು. ಮಗನನ್ನು ಪಡೆದು ಪೂರ್ವಿಕರ ಋಣ ತೀರಿಸಬೇಕೆಂದು ಶಾಸ್ತ್ರ ಹೇಳುತ್ತದಲ್ಲ ಎಂದು ರಾಮಯ್ಯನ ಬಾಯಲ್ಲಿ ಹೇಳಿಸುವುದು. ಇಬ್ಬರಿಗೂ ತಿಳಿದಿರುವುದನ್ನು ಒಬ್ಬರು ಇನ್ನೊಬ್ಬರಿಗೆ ತಿಳಿಸುವ ಇಂತಹ ಮಾತು ಅನುವಾದಿತ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ. ಇಲ್ಲಿ ಅದರ ಹಾನಿ ಇನ್ನೂ ಹೆಚ್ಚು. ಮೂಲದಲ್ಲಿ ರಾಮಯ್ಯ ನೋವನ್ನು ಅರ್ಧ ನುಂಗಿ ಆಡಿದ ಮಾತು ಅನುವಾದದಲ್ಲಿ ಉಪದೇಶವಾಗುತ್ತದೆ. ಗಂಡ ಹೆಂಡತಿಯನ್ನು ದೂಷಿಸುತ್ತಿರುವಂತೆ ಕೇಳಿಸುತ್ತದೆ. ಅತಿಯಾದ ವಿವರಣೆ ಪಾತ್ರದ ಸ್ವಭಾವವನ್ನೇ ಬದಲಿಸಿಬಿಡುತ್ತದೆ.

ನಾವು ಒಪ್ಪುವ ಅನುವಾದ ಎರಡು ಹೆಜ್ಜೆಗಳಲ್ಲಿ ನಡೆಯುತ್ತದೆ. ಹೆಂಡತಿಯ ಪ್ರಶ್ನೆಯಲ್ಲಿ 'ದ ಡೆಟ್ ಆಫ್ ದ ಫಾದರ್ಸ್' ಎಂದು ಬಳಸುತ್ತೇವೆ. ಇಂಗ್ಲಿಷಿನ 'ಆಫ್' ನಮ್ಮ ಷಷ್ಠಿಯಂತೆಯೇ ಸಂದಿಗ್ಧ. 'ಫಾದರ್ಸ್' ಎಂಬ ಬಹುವಚನ ತಂದೆತಾತಂದಿರನ್ನೂ ಒಳಗೊಳ್ಳುತ್ತದೆ. ಸಮಾಸದ ಇಬ್ಬಗೆ ಇಂಗ್ಲಿಷಿನಲ್ಲೂ ಮುಚ್ಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ಬಳಿಕ ರಾಮಯ್ಯನ ಉತ್ತರದಲ್ಲಿ 'ಒಂದು' ಎಂಬುದನ್ನು 'ದಿ ಒನ್ ಹಿ ಲೆಫ್ಟ್' ಎಂದೂ 'ಇನ್ನೊಂದು' ಎಂಬುದನ್ನು 'ದಿ ಒನ್ ಐ ವಾಸ್ ಬಾರ್ನ್ ವಿತ್' ಎಂದೂ ವಿವರಿಸುತ್ತೇವೆ. ಅವನು ಬಿಟ್ಟುಹೋದದ್ದು, ನಾನು ಹುಟ್ಟುತ್ತಲೇ ಹೊತ್ತುಬಂದದ್ದು. ಹೊರಗಿನಿಂದ ತಂದದ್ದು ಇಷ್ಟೇ. ಮೊದಲ ಸೇರ್ಪಡೆ ಷಷ್ಠಿಯ ವಿಗ್ರಹವನ್ನು ನಿಲ್ಲಿಸುತ್ತದೆ. ಎರಡನೆಯದು ಋಣತ್ರಯದ ಸಿದ್ಧಾಂತದಿಂದ ಈ ಪ್ರಸಂಗಕ್ಕೆ ಬೇಕಾದ ಒಂದೇ ಅಂಶವನ್ನು ಆರಿಸಿಕೊಳ್ಳುತ್ತದೆ: ಈ ಋಣ ಹುಟ್ಟಿನಿಂದ ಬಂದದ್ದು. ಅದನ್ನು ತೀರಿಸುವ ಬಗೆಯನ್ನು ಮಗುವಿನ ಅಳುವೇ ಹೇಳುತ್ತದೆ. ದೇವಋಣವಾಗಲಿ ಋಷಿಋಣವಾಗಲಿ ಇಲ್ಲಿ ಯಾರಿಗೂ ಬೇಕಾಗಿಲ್ಲ.

ವಿವರಣೆಯನ್ನು ಸಮಾಸದ ಸ್ಥಾನದಲ್ಲಿ ಇಡದೆ, ಅದರ ಅರ್ಥ ಬಳಕೆಗೆ ಬರುವ ಸ್ಥಾನದಲ್ಲಿ ಇಟ್ಟಿರುವುದನ್ನು ಗಮನಿಸಬೇಕು. ಸಮಾಸ ಹೆಂಡತಿಯ ವಾಕ್ಯದಲ್ಲಿದೆ. ವಿವರಣೆ ಗಂಡನ ವಾಕ್ಯದಲ್ಲಿದೆ.

5. ಅದೇ ಸಮಾಸ, ಬೇರೆ ಪಠ್ಯ

ಇದೇ ಪದ ಹಿಂದೂ ಉತ್ತರಾಧಿಕಾರದ ಕುರಿತ ಕನ್ನಡ ಲೇಖನವೊಂದರಲ್ಲಿ ಬಂದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಅಲ್ಲಿ ಮೊದಲ ವಿಗ್ರಹ ಮಾತ್ರ ಪ್ರಸ್ತುತ. ತಂದೆಯ ಸಾಲವನ್ನು ತೀರಿಸುವುದು ಮಗನ ಧಾರ್ಮಿಕ ಹೊಣೆಯೆಂಬ ತತ್ತ್ವವನ್ನು ಇಂಗ್ಲಿಷ್ ನ್ಯಾಯಭಾಷೆ 'ಪಯಸ್ ಆಬ್ಲಿಗೇಶನ್' ಎಂದು ಕರೆದಿದೆ. ಈ ಸಿದ್ಧ ಪರಿಭಾಷೆಯನ್ನು ಕಂಡು 'ಪಿತೃಋಣ'ದ ಜಾಗದಲ್ಲಿ ಅದನ್ನೇ ಇಟ್ಟುಬಿಡುವ ಪ್ರಲೋಭನೆ ಇದೆ. ಅದು ತಪ್ಪಾಗುತ್ತದೆ, ಏಕೆಂದರೆ ಇಂಗ್ಲಿಷ್ ಪರಿಭಾಷೆ ಮಗನ ಹೊಣೆಯನ್ನು ಹೆಸರಿಸುತ್ತದೆ, ಕನ್ನಡದ ಸಮಾಸ ಸಾಲವನ್ನು ಹೆಸರಿಸುತ್ತದೆ. ಜೊತೆಗೆ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯ ಬಳಿಕ ಈ ಧಾರ್ಮಿಕ ಹೊಣೆಯೊಂದನ್ನೇ ಆಧಾರವಾಗಿಟ್ಟುಕೊಂಡು, ತಂದೆ ಮಾಡಿದ ಸಾಲಕ್ಕಾಗಿ ಮಗನ ಮೇಲೆ ಕ್ರಮ ಜರುಗಿಸುವ ಹಕ್ಕನ್ನು ನ್ಯಾಯಾಲಯಗಳು ಮಾನ್ಯ ಮಾಡುವಂತಿಲ್ಲ. ಕಾಯಿದೆಗೆ ಮುಂಚಿನ ಸಾಲಗಳಿಗೆ ಮಾತ್ರ ವಿನಾಯಿತಿಯಿದೆ. ಇಂತಹ ಲೇಖನದ ಅನುವಾದದಲ್ಲಿ ಮೊದಲ ಸಲ ಪದ ಬಂದಾಗ ಪೂರ್ಣ ಟಿಪ್ಪಣಿ ನ್ಯಾಯವಾದದ್ದು. ಅಲ್ಲಿನ ಓದುಗ ಪುಟದ ಬುಡಕ್ಕೆ ಹೋಗಿ ಬರಲು ಸಿದ್ಧನಾಗಿಯೇ ಓದುತ್ತಾನೆ. ಅವನ ನಿರ್ಣಯ ಆ ಟಿಪ್ಪಣಿಯನ್ನು ಅವಲಂಬಿಸಿರಲೂಬಹುದು.

ಆದ್ದರಿಂದ 'ಪಿತೃಋಣಕ್ಕೆ ಎಷ್ಟು ವಿವರಣೆ ಬೇಕು' ಎಂಬ ಪ್ರಶ್ನೆಗೆ ಉತ್ತರವಿಲ್ಲ. 'ಈ ವಾಕ್ಯದ ಪಿತೃಋಣಕ್ಕೆ ಎಷ್ಟು' ಎಂಬುದಕ್ಕೆ ಮಾತ್ರ ಇದೆ. ಪುಸ್ತಕದ ಕೊನೆಯ ಪದಕೋಶ ಪದವನ್ನು ವಿವರಿಸುತ್ತದೆ. ಅದರ ಪ್ರಯೋಗವನ್ನು ವಿವರಿಸಲಾರದು.

6. ಪುನರಾವೃತ್ತಿಯ ಪ್ರಶ್ನೆ

ಒಂದೇ ಸಮಾಸ ಪಠ್ಯದುದ್ದಕ್ಕೂ ಮರುಕಳಿಸಿದಾಗ ಈ ತತ್ತ್ವಕ್ಕೆ ಕಠಿಣ ಪರೀಕ್ಷೆ ಎದುರಾಗುತ್ತದೆ. ವಚನಗಳ ಅಂಕಿತಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟವಾದ 'ಸ್ಪೀಕಿಂಗ್ ಆಫ್ ಶಿವ' ಸಂಕಲನದಲ್ಲಿ ಬಸವಣ್ಣನ ಕೂಡಲಸಂಗಮದೇವನನ್ನು 'ಲಾರ್ಡ್ ಆಫ್ ದ ಮೀಟಿಂಗ್ ರಿವರ್ಸ್' ಎಂದೂ ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನನ್ನು 'ಲಾರ್ಡ್ ವೈಟ್ ಆ್ಯಸ್ ಜಾಸ್ಮಿನ್' ಎಂದೂ ಅನುವಾದಿಸಿದರು. ದಾಸಿಮಯ್ಯನ ರಾಮನಾಥನನ್ನು ಮಾತ್ರ ಹಾಗೆಯೇ ಉಳಿಸಿದರು.

'ಕೂಡಲಸಂಗಮ' ಎಂಬಲ್ಲಿ ಕನ್ನಡದ 'ಕೂಡಲ' ಮತ್ತು ಸಂಸ್ಕೃತದ 'ಸಂಗಮ' ಒಂದೇ ಅರ್ಥವನ್ನು ಎರಡು ಸಲ ಹೇಳುತ್ತವೆ. ಕೃಷ್ಣೆ ಮಲಪ್ರಭೆಯರು ಸೇರುವ ಆ ಸ್ಥಳದ ಹೆಸರು ಕನ್ನಡ ಓದುಗನಿಗೆ ರೂಢವಾಗಿದೆ. ಅಂಕಿತ ಬಂದಾಗಲೆಲ್ಲ ಅವನು ನದಿಗಳನ್ನು ಕಾಣುವುದಿಲ್ಲ. ಯೋಗಾರ್ಥ ಬಹುಮಟ್ಟಿಗೆ ಮಲಗಿರುತ್ತದೆ, ವಚನ ಕರೆದಾಗ ಏಳುತ್ತದೆ. ಇಂಗ್ಲಿಷ್ ಅನುವಾದದಲ್ಲಿ ಅದು ಪ್ರತಿ ವಚನದಲ್ಲೂ ಎಚ್ಚರವಾಗಿರುತ್ತದೆ. ಹೆಸರನ್ನು ಹಾಗೆಯೇ ಉಳಿಸಿದರೆ ವಿರುದ್ಧವಾದ ನಷ್ಟ: ಕರೆದರೂ ಅದು ಏಳುವುದಿಲ್ಲ. ಎರಡರಲ್ಲಿ ಒಂದನ್ನು ಇಡೀ ಸಂಕಲನಕ್ಕೆ ಅನ್ವಯಿಸಲೇಬೇಕಾಗುತ್ತದೆ, ಏಕೆಂದರೆ ಅಂಕಿತದ ಗುರುತಿರುವುದೇ ಅದರ ಏಕರೂಪತೆಯಲ್ಲಿ. ಪ್ರಯೋಗದಿಂದ ಪ್ರಯೋಗಕ್ಕೆ ಪ್ರಮಾಣವನ್ನು ಬದಲಿಸಬೇಕೆಂಬ ನಮ್ಮ ತತ್ತ್ವಕ್ಕೆ ಇದು ಮಿತಿ. ಹೆಸರಾಗಿ ನಿಂತ ಸಮಾಸಕ್ಕೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಅನುವಾದಕನು ಒಂದು ನಷ್ಟವನ್ನು ಆರಿಸಿಕೊಂಡು, ಅದನ್ನು ಮುನ್ನುಡಿಯಲ್ಲಿ ಒಮ್ಮೆ ಹೇಳುವುದೇ ಉಳಿದ ಮಾರ್ಗ.

7. ಪರೀಕ್ಷೆಯ ಕ್ರಮ

ವಿವರಣೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ತಿಳಿಯಲು ನಾವು ಎರಡು ಪರೀಕ್ಷೆಗಳನ್ನು ಬಳಸುತ್ತೇವೆ. ಹೊರಗಿನಿಂದ ತಂದ ಪದಗಳನ್ನು ಅಳಿಸಿ, ಮುಂದಿನ ಎರಡು ಮೂರು ವಾಕ್ಯಗಳನ್ನು ಓದುವುದು ಮೊದಲನೆಯದು. ಅವು ಅಲುಗದೆ ನಿಂತರೆ ಸೇರ್ಪಡೆ ಅನಗತ್ಯ. ಎರಡನೆಯ ಪರೀಕ್ಷೆಗೆ ಕನ್ನಡ ಬಾರದ ಓದುಗನೊಬ್ಬ ಬೇಕು. ಅವನನ್ನು ಪದದ ಅರ್ಥವೇನೆಂದು ಕೇಳಬಾರದು. ಟಿಪ್ಪಣಿಯನ್ನು ಓದಿದ ಯಾರೂ ಅದನ್ನು ಒಪ್ಪಿಸಬಲ್ಲರು. ಹೆಂಡತಿ ಏಕೆ ಸುಮ್ಮನಾದಳು ಎಂದು ಕೇಳಬೇಕು. ಸಾಲದ ಚಿಂತೆಯಿಂದ ಎಂದು ಉತ್ತರ ಬಂದರೆ ವಿವರಣೆ ಸಾಲದು. ಗಂಡ ಗದರಿದ್ದರಿಂದ ಎಂದು ಬಂದರೆ ಅದು ಅತಿಯಾಗಿದೆ. ಆ ಮನೆಯಲ್ಲಿ ಮಗುವಿಲ್ಲ, ಗಂಡನೂ ಅದೇ ನೋವಿನಲ್ಲಿದ್ದಾನೆ ಎಂದು ಅವನು ಹೇಳಿದರೆ, ಸಮಾಸದಲ್ಲಿ ಮರೆಯಾದ ಪದ ಇಂಗ್ಲಿಷಿನಲ್ಲಿ ತನ್ನ ಜಾಗವನ್ನು ಕಂಡುಕೊಂಡಿದೆ ಎಂದು ತಿಳಿಯಬಹುದು.